ಮಗ ‘ಐಡಿ ತಗೊಂಡೆ’ ಅಂತಾನೆ, ದುಡ್ಡು ಯಾರ್ಯಾರದೋ ಹೆಸರಿಗೆ ಹೋಗಿದೆ. ಏನಿದು?

ಸಿಂಧನೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಒಂಬತ್ತನೇ ಕ್ಲಾಸು. ಫ್ರೀ ಫೈರ್ ಮ್ಯಾಕ್ಸ್ ಆಡುತ್ತಾನೆ. ಆಡುವುದು ನನಗೆ ಗೊತ್ತು, ಹೋಂವರ್ಕ್ ಮುಗಿಸಿದ ಮೇಲೆ ಆಡಲಿ ಅಂತ ನಾನೇ ಬಿಟ್ಟಿದ್ದೇನೆ. ನಮ್ಮವರು ರೈಸ್ ಮಿಲ್‌ನಲ್ಲಿ ಕೆಲಸ ಮಾಡುತ್ತಾರೆ, ಬರುವುದು ರಾತ್ರಿ. ಸಂಜೆ ನನ್ನ ಫೋನ್ ಅವನ ಕೈಯಲ್ಲೇ ಇರುತ್ತದೆ.

ನಿನ್ನೆ ಯುಪಿಐ ಆಪ್ ತೆಗೆದು ಹಿಸ್ಟರಿ ನೋಡಿದೆ. ಮೊದಲು ₹200, ಆಮೇಲೆ ₹1,300, ಒಂದು ವಾರ ಬಿಟ್ಟು ₹49, ಮತ್ತೆ ₹500. ನಾಲ್ಕೂ ಬೇರೆ ಬೇರೆ ಜನರ ಹೆಸರಿಗೆ. ಒಂದೂ ನಮಗೆ ಗೊತ್ತಿರುವ ಹೆಸರಲ್ಲ. ಕೇಳಿದರೆ ಮೊದಲು “ಟಾಪ್ ಅಪ್ ಮಮ್ಮಿ” ಅಂದ. ಜೋರು ಮಾಡಿದ ಮೇಲೆ “ಐಡಿ ತಗೊಂಡೆ, ಹೋಯ್ತು, ವಾಪಸ್ ಬರುತ್ತೆ” ಅಂದ. ಅಷ್ಟೇ, ಮುಂದೆ ಮಾತಿಲ್ಲ.

ಇನ್ನೂ ಎರಡು ವಿಷಯ ನನಗೆ ಅರ್ಥ ಆಗುತ್ತಿಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ₹1,300 ಕಾಣುತ್ತದೆ, ಉಳಿದ ಮೂರು ಕಾಣುವುದಿಲ್ಲ. ಅದರ ಬದಲು ₹1,000ದ ಒಂದೇ ಎಂಟ್ರಿ ಇದೆ. ಮತ್ತೆ ನನ್ನ ಫೋನ್‌ನಲ್ಲಿ ನಾನು ಮಾಡದೇ ಇರುವ ಎರಡು ಜಿಮೇಲ್ ಇವೆ. ಮೆಸೇಜ್ ಬಂದ ಸದ್ದಾದರೆ ಸಾಕು, ಓಡಿ ಬಂದು ಫೋನ್ ಕೈಗೆ ತಗೊಳ್ಳುತ್ತಾನೆ.

ಇದು ಆಟದ ಖರ್ಚು ಅಂತ ಬಿಡಬಹುದಾ? ಇಲ್ಲ ಯಾರಾದರೂ ಹುಡುಗನಿಗೆ ಮೋಸ ಮಾಡುತ್ತಿದ್ದಾರಾ? ತಿಳಿದವರು ಹೇಳಿ.

ಗಂಗಾವತಿ ಮೊಬೈಲ್ ಅಂಗಡಿ

ಅಕ್ಕಾರೇ, ‘ಐಡಿ’ ಅಂದರೆ ಆಟದ ಅಕೌಂಟ್. ನಮ್ಮ ಅಂಗಡಿಗೆ ಬರುವ ಹುಡುಗರ ಬಾಯಲ್ಲಿ ದಿನಾ ಇದೇ ಮಾತು. ಯಾರೋ ಎರಡು ಮೂರು ವರ್ಷ ಆಡಿ, ಡೈಮಂಡ್ ಅನ್ನುವ ಆಟದೊಳಗಿನ ನಾಣ್ಯಕ್ಕೆ ದುಡ್ಡು ಸುರಿದು, ಒಳ್ಳೊಳ್ಳೆ ಡ್ರೆಸ್ಸು, ಎವೋ ಗನ್ನು ಎಲ್ಲ ಮಾಡಿಕೊಂಡಿರುತ್ತಾರೆ. ಆಟ ಸಾಕಾದ ಮೇಲೆ ಆ ಅಕೌಂಟನ್ನು ಮಾರುತ್ತಾರೆ. ನಿಮ್ಮ ಮಗ ಅಂಥದ್ದನ್ನು ತಗೊಂಡಿದ್ದಾನೆ. ₹1,500 ಅಂದರೆ ಸಾಧಾರಣ ರೇಟು.

ಹೆದರಬೇಡಿ. ತಗೊಂಡ ತಕ್ಷಣ ಪಾಸ್‌ವರ್ಡ್ ಬದಲಾಯಿಸಿ, ನಮ್ಮ ನಂಬರ್ ಹಾಕಿಕೊಂಡರೆ ಮುಗೀತು, ಐಡಿ ನಮ್ಮದೇ. ಇವನು ಅದನ್ನು ಮಾಡಿರಲಿಕ್ಕಿಲ್ಲ, ಅದಕ್ಕೇ ಹೋಗಿದೆ. ನಮ್ಮಲ್ಲಿ ಎಷ್ಟೋ ಹುಡುಗರಿಗೆ ನಾನೇ ಸೆಟ್ ಮಾಡಿ ಕೊಟ್ಟಿದ್ದೇನೆ.

ಕುಷ್ಟಗಿ ನಿವೃತ್ತ ಮಾಸ್ತರ್

ತಾಯೀ, ಆನ್‌ಲೈನ್ ಜೂಜಿಗೆ ಎಷ್ಟು ಮನೆ ಹಾಳಾಗಿವೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ರಮ್ಮಿ ಆಡಿ ಎರಡು ಎಕರೆ ಮಾರಿದವರು ನಮ್ಮ ಓಣಿಯಲ್ಲೇ ಇದ್ದಾರೆ. ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ. ಹುಡುಗನಿಗೆ ಈ ಕಾನೂನು ತೋರಿಸಿ, ಇವತ್ತೇ ಆ ಆಪ್ ತೆಗೆಸಿ.

ಹಳೇ ಪ್ಲೇಯರ್, ಬಳ್ಳಾರಿ

ಮಾಸ್ತರರೇ, ನಿಮ್ಮ ಕಾಳಜಿ ಸರಿ. ಆದರೆ ಇದು ರಮ್ಮಿ ಅಲ್ಲ. ಆ ಹುಡುಗ ಗೆದ್ದು ದುಡ್ಡು ಮಾಡಲು ಕಟ್ಟಿಲ್ಲ, ಸಾಮಾನು ಕೊಳ್ಳಲು ಕೊಟ್ಟಿದ್ದಾನೆ. ಆಪ್ ತೆಗೆಸಿದರೆ ಈ ಮೋಸ ನಿಲ್ಲುವುದೂ ಇಲ್ಲ. ಯಾಕೆಂದರೆ ವ್ಯವಹಾರ ಪೂರ್ತಿ ನಡೆಯುವುದು ಆಟದ ಹೊರಗೆ, ಇನ್‌ಸ್ಟಾಗ್ರಾಂ, ಟೆಲಿಗ್ರಾಂ, ವಾಟ್ಸಾಪ್‌ನಲ್ಲಿ.

ಅಂಗಡಿ ಅಣ್ಣ, ನೀವು ಹೇಳಿದ್ದು ಅರ್ಧ ಸರಿ. ಉಳಿದ ಅರ್ಧದಲ್ಲೇ ಹುಡುಗರು ಸಿಕ್ಕಿಬೀಳುವುದು. ನಾನು ಈ ಐಡಿ ಗ್ರೂಪ್‌ಗಳಲ್ಲಿ ವರ್ಷಗಟ್ಟಲೆ ಇದ್ದವನು. ಸ್ವಲ್ಪ ಉದ್ದ ಆಗುತ್ತೆ, ಆದರೂ ಬಿಡಿಸಿ ಹೇಳುತ್ತೇನೆ.

ಫ್ರೀ ಫೈರ್‌ನಲ್ಲಿ ನನ್ನ ಹತ್ತಿರ ಇರುವ ಡ್ರೆಸ್ಸು, ಗನ್ ಸ್ಕಿನ್ನು ಇನ್ನೊಬ್ಬನ ಅಕೌಂಟ್‌ಗೆ ದಾಟಿಸಲು ಆಗುವುದಿಲ್ಲ. ಡೈಮಂಡ್ ಕೊಟ್ಟು ಸ್ಟೋರ್‌ನಿಂದ ಹೊಸದನ್ನು ಗಿಫ್ಟ್ ಕಳಿಸಬಹುದು, ಅಷ್ಟೇ. ಹಳೇ ಸ್ಕಿನ್ ಸ್ಟೋರ್‌ನಲ್ಲಿ ಇರುವುದಿಲ್ಲ, ಹುಡುಗರಿಗೆ ಬೇಕಾಗುವುದು ಅದೇ. ಹಾಗಾಗಿ ಇಡೀ ಅಕೌಂಟನ್ನೇ ಕೊಳ್ಳಬೇಕು. ಆ ಅಕೌಂಟ್ ನಿಂತಿರುವುದು ಯಾವುದೋ ಒಂದು ಫೇಸ್‌ಬುಕ್ ಅಥವಾ ಗೂಗಲ್ ಲಾಗಿನ್ ಮೇಲೆ. ಮಾರುವವನು ಕೊಡುವುದು ಆ ಫೇಸ್‌ಬುಕ್‌ನ ಅಥವಾ ಜಿಮೇಲ್‌ನ ಪಾಸ್‌ವರ್ಡ್. ಆ ಫೇಸ್‌ಬುಕ್ ತೆರೆದಿದ್ದು ಅವನು, ಅವನ ಹೆಸರಲ್ಲಿ, ಅವನ ಫೋನ್‌ನಿಂದ. ಹೊಲ ಮಾರಿದೆ ಅಂತ ದುಡ್ಡು ಎಣಿಸಿಕೊಂಡು ಪಹಣಿ ತನ್ನ ಹೆಸರಲ್ಲೇ ಇಟ್ಟುಕೊಂಡ ಹಾಗೆ.

ಪಾಸ್‌ವರ್ಡ್ ಬದಲಾಯಿಸಿದರೂ ಅವನು ‘ನನ್ನ ಅಕೌಂಟ್ ಹ್ಯಾಕ್ ಆಗಿದೆ’ ಅಂತ ಹಾಕಿ, ಹಳೇ ಮೇಲ್ ಅಥವಾ ಗುರುತಿನ ಚೀಟಿ ಕೊಟ್ಟು ಫೇಸ್‌ಬುಕ್ ವಾಪಸ್ ತಗೊಳ್ಳಬಹುದು. ಜಿಮೇಲ್‌ನಲ್ಲಿ ಇನ್ನೊಂದು ವಿಷಯ ಇದೆ. ರಿಕವರಿ ನಂಬರ್ ಬದಲಾಯಿಸಿದ ಮೇಲೂ ಏಳು ದಿನದವರೆಗೆ ಹಳೇ ನಂಬರ್‌ಗೆ ಕೋಡ್ ತರಿಸಿಕೊಳ್ಳುವ ಅವಕಾಶವನ್ನು ಗೂಗಲ್ ಕೊಡಬಹುದು. ಅಕೌಂಟ್ ಕಳೆದುಕೊಂಡ ನಿಜವಾದ ಮಾಲೀಕನಿಗೆ ಸಹಾಯ ಆಗಲಿ ಅಂತ ಮಾಡಿದ ವ್ಯವಸ್ಥೆ ಅದು. ಮಾರಿದವನು ಅದನ್ನೇ ಬಳಸುತ್ತಾನೆ. ಕೊಂಡವನು ಮೂರ್ನಾಲ್ಕು ದಿನ ಆಡಿ ‘ಸೆಲ್ಲರ್ ಒಳ್ಳೆಯವನು’ ಅಂತ ಗ್ರೂಪ್‌ನಲ್ಲಿ ಹಾಕುತ್ತಾನೆ. ಆ ಮಾತನ್ನು ಸ್ಕ್ರೀನ್‌ಶಾಟ್ ತೆಗೆದು ‘ಪ್ರೂಫ್’ ಅಂತ ಮುಂದಿನವನಿಗೆ ತೋರಿಸುತ್ತಾರೆ. ಅಷ್ಟರಲ್ಲಿ ಐಡಿ ವಾಪಸ್ ಹೋಗಿರುತ್ತದೆ. ಗ್ರೂಪ್‌ಗಳಲ್ಲಿ ಇದನ್ನು ‘ಪುಲ್ ಬ್ಯಾಕ್’ ಅಂತಾರೆ. ಒಂದೇ ಐಡಿಯನ್ನು ಹೀಗೆ ನಾಲ್ಕು ಜನಕ್ಕೆ ಮಾರಿದ್ದನ್ನು ನಾನು ನೋಡಿದ್ದೇನೆ.

ಕಂಪನಿಗೆ ದೂರು ಕೊಡೋಣ ಅಂದರೆ ಅಲ್ಲೂ ಕೈ ಕಟ್ಟಿರುತ್ತದೆ. ಅಕೌಂಟ್ ಮಾರುವುದು, ಕೊಳ್ಳುವುದು ಆಟದ ನಿಯಮಕ್ಕೇ ವಿರುದ್ಧ. ‘ನಾನು ದುಡ್ಡು ಕೊಟ್ಟು ಕೊಂಡೆ’ ಅಂದ ಕೂಡಲೇ ಹುಡುಗನ ವಾದ ಬಿದ್ದುಹೋಗುತ್ತದೆ.

ಅಕ್ಕಾ, ನಿಮ್ಮ ಲೆಕ್ಕದಲ್ಲಿ ನನಗೆ ಚಿಂತೆ ಆಗಿದ್ದು ₹200, ₹1,300 ಅಲ್ಲ. ಅದಾದ ಮೇಲಿನ ₹49 ಮತ್ತು ₹500. ಅದು ಬೇರೆ ಆಟ. ‘ವಾಪಸ್ ಬರುತ್ತೆ’ ಅಂತ ಅವನಿಗೆ ಹೇಳಿದವರು ಯಾರು ಅಂತ ಕೇಳಿ. ಬೈಯದೆ ಕೇಳಿ.

ಸಿಂಧನೂರಿನ ಅಮ್ಮ

ತಮ್ಮಾ, ನೀನು ಹೇಳಿದ್ದನ್ನು ಹಾಗೇ ಓದಿ ತೋರಿಸಿದೆ. ‘ಪುಲ್ ಬ್ಯಾಕ್’ ಅಂದ ತಕ್ಷಣ ಅವನ ಮುಖ ಬದಲಾಯ್ತು. “ಇದು ನಿನಗೆ ಹೆಂಗ ಗೊತ್ತು ಮಮ್ಮಿ” ಅಂದ. ಆಮೇಲೆ ಒಂದೊಂದಾಗಿ ಹೇಳಿದ. ಇಲ್ಲಿ ಬರೆಯುತ್ತೇನೆ, ಬೇರೆ ತಾಯಂದಿರಿಗೂ ಗೊತ್ತಾಗಲಿ.

ಇನ್‌ಸ್ಟಾಗ್ರಾಂ ರೀಲ್‌ನಲ್ಲಿ ಐಡಿ ನೋಡಿದ್ದಾನೆ. ಲೆವೆಲ್ 68. ಬೆಲೆ ₹3,500 ಅಂತ ಹಾಕಿ, ‘ಸ್ಟೂಡೆಂಟ್ ಅಂದರೆ ₹1,500ಕ್ಕೆ ಕೊಡ್ತೀನಿ’ ಅಂದಿದ್ದಾನೆ. ಮೊದಲು ಬುಕಿಂಗ್‌ಗೆ ₹200. ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇನೆ, ಹತ್ತು ನಿಮಿಷ ಟೈಮು. ಉಳಿದ ₹1,300 ಅನ್ನು ಮಾರುವವನಿಗೆ ಕೊಡುವುದು ಬೇಡ, ‘ಮಿಡಲ್‌ಮ್ಯಾನ್’ಗೆ ಕೊಡು, ಐಡಿ ಸಿಕ್ಕ ಮೇಲೆ ಅವನು ನನಗೆ ಕೊಡುತ್ತಾನೆ ಅಂದಿದ್ದಾನೆ. ಹುಡುಗನಿಗೆ ಅದೇ ಧೈರ್ಯ. ಫೇಸ್‌ಬುಕ್ ಮೇಲ್, ಪಾಸ್‌ವರ್ಡ್ ಕೊಟ್ಟಿದ್ದಾರೆ. ಲಾಗಿನ್ ಆಗಿದೆ. ಗೆಳೆಯರಿಗೆಲ್ಲ ತೋರಿಸಿದ್ದಾನೆ. ಐದನೇ ದಿನ ಪಾಸ್‌ವರ್ಡ್ ತಪ್ಪು ಅಂತ ಬಂದಿದೆ. ಮಾರಿದವನೂ ಬ್ಲಾಕ್, ಮಿಡಲ್‌ಮ್ಯಾನೂ ಬ್ಲಾಕ್.

ಅವತ್ತೇ ಸಂಜೆ ಇನ್ನೊಬ್ಬ ತಾನಾಗೇ ಮೆಸೇಜ್ ಮಾಡಿದ್ದಾನೆ. ‘ಅವನು ಫ್ರಾಡ್, ನನಗೂ ಮೋಸ ಮಾಡಿದ್ದ. ನಾನು ಐಡಿ ರಿಕವರ್ ಮಾಡಿಕೊಡ್ತೀನಿ’ ಅಂತ. ಫಾರಂಗೆ ₹49, ಕೆಲಸಕ್ಕೆ ₹500. ಈಗ ಅವನು ಕೇಳುತ್ತಿರುವುದು ನನ್ನ ನಂಬರ್‌ಗೆ ಬರುವ ಒಂದು ಓಟಿಪಿ. ಮಗ ಫೋನ್‌ಗೆ ಓಡಿ ಬರುತ್ತಿದ್ದದ್ದು ಅದಕ್ಕೇ. ದೇವರ ದಯೆ, ಇನ್ನೂ ಕೊಟ್ಟಿಲ್ಲ.

ಹಳೇ ಪ್ಲೇಯರ್, ಬಳ್ಳಾರಿ

ಅಕ್ಕಾ, ಆ ಓಟಿಪಿ ಆಟದ್ದಲ್ಲ. ಮೆಸೇಜ್‌ನಲ್ಲೇ ಯಾವುದರ ಕೋಡ್ ಅಂತ ಬರೆದಿರುತ್ತದೆ, ತೆಗೆದು ಓದಿ. ಹೆಚ್ಚಿನ ಸಲ ವಾಟ್ಸಾಪ್‌ದಾಗಿರುತ್ತದೆ. ಕೊಟ್ಟರೆ ನಿಮ್ಮ ವಾಟ್ಸಾಪ್ ಅವನ ಫೋನ್‌ನಲ್ಲಿ ತೆರೆಯುತ್ತದೆ. ಆಮೇಲೆ ನಿಮ್ಮ ಹೆಸರಲ್ಲಿ ನಿಮ್ಮ ನೆಂಟರಿಗೆಲ್ಲ ‘ಅರ್ಜೆಂಟ್ ದುಡ್ಡು ಬೇಕು’ ಅಂತ ಹೋಗುತ್ತದೆ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆಗೆದು, ಗೊತ್ತಿಲ್ಲದ ಯಾವುದಾದರೂ ಕಂಡರೆ ಲಾಗೌಟ್ ಮಾಡಿ. ಎರಡು ಹಂತದ ಪಿನ್ ಇಟ್ಟುಬಿಡಿ.

ಆ ‘ರಿಕವರಿ’ಯವನು ತಾನಾಗೇ ಬಂದನಲ್ಲ, ಅದನ್ನು ಗಮನಿಸಿ. ನಿಮ್ಮ ಮಗ ಮೋಸ ಹೋದ ವಿಷಯ ಅವನಿಗೆ ಹೇಗೆ ಗೊತ್ತಾಯ್ತು? ಮಾರಿದವನು, ಮಿಡಲ್‌ಮ್ಯಾನ್, ರಿಕವರಿಯವನು, ಮೂರೂ ಒಬ್ಬನೇ ಇರಬಹುದು. ಇಲ್ಲವೆಂದರೆ ಒಂದೇ ಗುಂಪು.

ಬ್ಯಾಂಕ್ ಕೌಂಟರ್, ಮಸ್ಕಿ

ಮೇಡಂ, ಪಾಸ್‌ಬುಕ್ ವಿಷಯ ನಾನು ಹೇಳುತ್ತೇನೆ. ಅದು ಯುಪಿಐ ಲೈಟ್. ಖಾತೆಯಿಂದ ₹1,000 ತೆಗೆದು ಆಪ್‌ನ ಲೈಟ್ ವ್ಯಾಲೆಟ್‌ಗೆ ಹಾಕಿದ್ದಾನೆ. ಪಾಸ್‌ಬುಕ್‌ನಲ್ಲಿ ಕಾಣುವುದು ಆ ಒಂದು ಎಂಟ್ರಿ ಮಾತ್ರ. ಅಲ್ಲಿಂದ ಮುಂದೆ ಯಾರಿಗೆ ಎಷ್ಟು ಹೋಯ್ತು ಅನ್ನುವುದು ಆಪ್‌ನ ಹಿಸ್ಟರಿಯಲ್ಲಿ ಮಾತ್ರ ಸಿಗುತ್ತದೆ. ಒಂದು ಸಲಕ್ಕೆ ₹1,000ದವರೆಗೆ ಪಿನ್ ಕೂಡ ಕೇಳುವುದಿಲ್ಲ. ವ್ಯಾಲೆಟ್‌ನಲ್ಲಿ ₹5,000ದವರೆಗೆ ಇಡಬಹುದು. ಚಹಾ ಅಂಗಡಿ, ತರಕಾರಿಗೆ ಅನುಕೂಲ ಅಂತ ಮಾಡಿದ್ದು. ಮಕ್ಕಳ ಕೈಗೆ ಹೋಗುವ ಫೋನ್‌ನಲ್ಲಿ ಅದು ಇರದಿದ್ದರೆ ಒಳ್ಳೆಯದು. ಆಪ್‌ನಲ್ಲೇ ಬಂದ್ ಮಾಡಿದರೆ ಉಳಿದ ದುಡ್ಡು ಖಾತೆಗೆ ವಾಪಸ್ ಬರುತ್ತದೆ.

₹1,300 ಲೈಟ್‌ನಲ್ಲಿ ಹೋಗುವ ಮೊತ್ತ ಅಲ್ಲ. ಅದಕ್ಕೆ ಪಿನ್ ಬೇಕು. ಅಂದರೆ ಮಗನಿಗೆ ನಿಮ್ಮ ಪಿನ್ ಗೊತ್ತಿದೆ. ಇವತ್ತೇ ಬದಲಾಯಿಸಿ.

ತಂದೆ ತಾಯಿ ನೋಡಬೇಕಾದ ಇನ್ನೊಂದು ಗುರುತು ಹೇಳುತ್ತೇನೆ. ಪ್ಲೇ ಸ್ಟೋರ್ ಮೂಲಕ ಡೈಮಂಡ್ ತಗೊಂಡಿದ್ದರೆ ಹಿಸ್ಟರಿಯಲ್ಲಿ ಗೂಗಲ್ ಪ್ಲೇ ಅಂತ ಇರುತ್ತದೆ, ಮತ್ತು ಆ ಜಿಮೇಲ್‌ಗೆ ರಸೀದಿ ಬರುತ್ತದೆ. ಅದರ ಆರ್ಡರ್ ನಂಬರ್ GPA ಅಂತ ಶುರುವಾಗುತ್ತದೆ. ಹುಡುಗ ‘ಟಾಪ್ ಅಪ್’ ಅನ್ನುತ್ತಾನೆ, ಆದರೆ ದುಡ್ಡು ಹೋಗಿರುವುದು ಯಾರೋ ಒಬ್ಬ ವ್ಯಕ್ತಿಯ ಹೆಸರಿಗೆ ಅಂದರೆ ಅಲ್ಲಿಗೇ ನಿಂತು ಕೇಳಬೇಕು. ಮೊತ್ತ ಚಿಕ್ಕದು ಅಂತ ಬಿಡಬಾರದು. ಇವರು ಮೊದಲು ಕೇಳುವುದೇ ಚಿಕ್ಕ ಮೊತ್ತ.

ಈಗ ಮಾಡಬೇಕಾದ್ದು: ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇಲ್ಲವೇ cybercrime.gov.in ನಲ್ಲಿ ಹಾಕಿ. ನಾಲ್ಕೂ ಪೇಮೆಂಟ್‌ನ 12 ಅಂಕಿಯ ಯುಟಿಆರ್ ನಂಬರ್ ಕೇಳುತ್ತಾರೆ. ಆಪ್‌ನಲ್ಲಿ ಆ ಪೇಮೆಂಟ್ ಮೇಲೆ ಒತ್ತಿದರೆ ಸಿಗುತ್ತದೆ. ದುಡ್ಡು ಹೋದ ಒಂದೆರಡು ಗಂಟೆಯಲ್ಲಿ ಹೇಳಿದರೆ ಅವರ ಖಾತೆಯಲ್ಲಿ ತಡೆಯುವ ಸಾಧ್ಯತೆ ಜಾಸ್ತಿ. ನಿಮ್ಮದು ಎರಡು ವಾರ ಹತ್ತಿರ ಆಗಿದೆ. ದುಡ್ಡು ಬರುತ್ತದೆ ಅಂತ ನಾನು ಭರವಸೆ ಕೊಡಲಾರೆ. ಆದರೂ ದೂರು ದಾಖಲಾಗಲಿ.

ಲಾರಿ ಮಾಲೀಕ, ಸಂಡೂರು

ನಮ್ಮ ಮನೆಯದು ಇದಕ್ಕಿಂತ ಮುಂದೆ ಹೋಗಿದೆ. ಸುಮ್ನೆ ಓದಿ ಬಿಡಬೇಡಿ.

ನನ್ನ ಮಗ ಪಿಯುಸಿ. ಅವನದೂ ಐಡಿ ಹೋಗಿತ್ತು, ನನಗೆ ಹೇಳಿರಲಿಲ್ಲ. ಮೋಸ ಮಾಡಿದ ಗುಂಪಿನವನೇ ಆಮೇಲೆ ‘ನಿನ್ನ ದುಡ್ಡು ವಾಪಸ್ ಬೇಕಾ? ನಮ್ಮ ಐಡಿ ಸೇಲ್ ಪೇಮೆಂಟ್ ನಿನ್ನ ಖಾತೆಗೆ ಹಾಕಿಸ್ತೀನಿ, ನೂರಕ್ಕೆ ಹತ್ತು ನೀನು ಇಟ್ಕೊಂಡು ಉಳಿದದ್ದು ನಾನು ಹೇಳಿದ ನಂಬರ್‌ಗೆ ಕಳಿಸು’ ಅಂದಿದ್ದಾನೆ. ಹುಡುಗ ಅವರ ಅಮ್ಮನ ಕ್ಯೂಆರ್ ಕಳಿಸಿದ್ದಾನೆ. ಸಾವಿರ, ಎರಡು ಸಾವಿರ ಬಂದಿದೆ, ಕಳಿಸಿದ್ದಾನೆ. ಅವನ ಲೆಕ್ಕದಲ್ಲಿ ಅದು ದುಡಿಮೆ.

ಆ ದುಡ್ಡು ಬೇರೆ ಕಡೆ ಮೋಸ ಹೋದವರದು. ಅವರಲ್ಲಿ ಯಾರೋ ಹೊರ ರಾಜ್ಯದಲ್ಲಿ ದೂರು ಕೊಟ್ಟರು. ಒಂದು ದಿನ ನನ್ನ ಹೆಂಡತಿ ಎಟಿಎಂಗೆ ಹೋದರೆ ದುಡ್ಡು ಬರಲಿಲ್ಲ. ಖಾತೆ ಹೋಲ್ಡ್. ಗೃಹಲಕ್ಷ್ಮಿ ದುಡ್ಡು ಬರುವುದೂ ಅದೇ ಖಾತೆಗೆ. ಒಳಗೆ ಬರುತ್ತದೆ, ಹೊರಗೆ ಬರಲ್ಲ. ಬ್ಯಾಂಕ್‌ನವರು ‘ನಾವು ತೆಗೆಯಲು ಆಗಲ್ಲ, ದೂರು ಇರುವ ಪೊಲೀಸರ ಪತ್ರ ಬೇಕು’ ಅಂದರು. ಯಾವ ರಾಜ್ಯ, ಯಾವ ಠಾಣೆ ಅಂತ ಹುಡುಕುವುದೇ ಒಂದು ಕೆಲಸ. ಬಾಡಿಗೆ ಬಿಟ್ಟು ಓಡಾಡಿದ್ದೇನೆ. ಇನ್ನೂ ಪೂರ್ತಿ ಬಗೆಹರಿದಿಲ್ಲ.

ತಂಗೀ, ನಿನ್ನ ಖಾತೆಯಿಂದ ಹೋದದ್ದನ್ನು ಮಾತ್ರ ನೋಡಬೇಡ. ಗೊತ್ತಿಲ್ಲದವರಿಂದ ಬಂದದ್ದು ಏನಾದರೂ ಇದೆಯಾ, ಬಂದ ಅರ್ಧ ಗಂಟೆಯಲ್ಲಿ ಮುಂದಕ್ಕೆ ಹೋಗಿದೆಯಾ ನೋಡು.

ಬ್ಯಾಂಕ್ ಕೌಂಟರ್, ಮಸ್ಕಿ

ಸಂಡೂರು ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕೌಂಟರ್‌ಗೆ ಇಂಥ ತಂದೆ ತಾಯಿ ಬರುತ್ತಾರೆ, ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ಸಂಕಟ ಆಗುತ್ತದೆ. ಅಣ್ಣಾ, ನೀವು ಬ್ಯಾಂಕ್‌ನಿಂದ ಆ ದೂರಿನ ನಂಬರ್ ಮತ್ತು ತಡೆ ಹಿಡಿದ ಮೊತ್ತ ಎಷ್ಟು ಅಂತ ಬರವಣಿಗೆಯಲ್ಲಿ ತಗೊಳ್ಳಿ. ವಿವಾದದ ಮೊತ್ತಕ್ಕೆ ಮಾತ್ರ ತಡೆ ಇಟ್ಟು ಉಳಿದ ಖಾತೆ ಬಿಡಿ ಅಂತ ತನಿಖೆ ಮಾಡುವ ಅಧಿಕಾರಿಗೆ ಅರ್ಜಿ ಕೊಡಬಹುದು. ಸೈಬರ್ ಅಪರಾಧ ನೋಡುವ ಬಳ್ಳಾರಿಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ ಬನ್ನಿ, ಹೊರ ರಾಜ್ಯದವರ ಜೊತೆ ಮಾತಾಡಲು ದಾರಿ ಹೇಳುತ್ತಾರೆ.

ಟ್ಯೂಷನ್ ಟೀಚರ್, ಕೊಪ್ಪಳ

ನನಗೆ ಯುಪಿಐ ಅಷ್ಟು ಗೊತ್ತಿಲ್ಲ. ಮಕ್ಕಳು ಗೊತ್ತು. ಎಂಟರಿಂದ ಹತ್ತನೇ ಕ್ಲಾಸಿನವರಿಗೆ ಪಾಠ ಹೇಳುತ್ತೇನೆ. ಮೋಸ ಹೋದ ಹುಡುಗ ಮನೆಯಲ್ಲಿ ಯಾಕೆ ಹೇಳುವುದಿಲ್ಲ ಗೊತ್ತಾ? ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ, ಆಟ ಬಿಡಿಸುತ್ತಾರೆ ಅಂತ. ಆ ಭಯವೇ ಅವನನ್ನು ‘ರಿಕವರಿ’ಯವನ ಹತ್ತಿರ ಕಳಿಸುತ್ತದೆ. ಅಪ್ಪನಿಗೆ ಗೊತ್ತಾಗುವ ಮೊದಲು ದುಡ್ಡು ವಾಪಸ್ ಇಡಬೇಕು ಅನ್ನುವ ಅವಸರ. ಕೆಲವರು ‘ನಿಮ್ಮಪ್ಪನಿಗೆ ಹೇಳ್ತೀನಿ’ ಅಂತಲೇ ಹೆದರಿಸಿ ಮತ್ತೆ ದುಡ್ಡು ಕೀಳುತ್ತಾರೆ.

ಅದಕ್ಕೇ ಮಾಸ್ತರ್ ಸರ್ ಹೇಳಿದ ಹಾಗೆ ಇವತ್ತೇ ಆಪ್ ತೆಗೆಸುವುದನ್ನು ನಾನು ಒಪ್ಪುವುದಿಲ್ಲ. ಮೊದಲು ಪೂರ್ತಿ ಕಥೆ ಹೊರಗೆ ಬರಲಿ.

ಕುಷ್ಟಗಿ ನಿವೃತ್ತ ಮಾಸ್ತರ್

ಮೇಡಂ, ನಾನು ಪ್ರಶ್ನೆಯನ್ನು ಬೇರೆ ರೀತಿ ತಿಳಿದಿದ್ದೆ, ಈಗ ಅರ್ಥವಾಯಿತು. ಆದರೂ ನನ್ನ ಮಾತು ಪೂರ್ತಿ ಬಿಡಲಾರೆ. ತಾಯಿಯ ಪಿನ್ ಹಾಕಿ ₹1,300 ಕಳಿಸಿದ್ದಾನೆ. ಅದಕ್ಕೆ ಏನೂ ಆಗುವುದಿಲ್ಲ ಅಂದರೆ ಹುಡುಗ ಏನು ಕಲಿಯುತ್ತಾನೆ? ಸ್ವಲ್ಪ ದಿನವಾದರೂ ಫೋನ್ ದೂರ ಇರಲಿ.

ಟ್ಯೂಷನ್ ಟೀಚರ್, ಕೊಪ್ಪಳ

ಸರ್, ಪಿನ್ ವಿಷಯಕ್ಕೆ ಶಿಕ್ಷೆ ಇರಲಿ. ಮೋಸ ಹೋದದ್ದಕ್ಕೆ ಬೇಡ. ಎರಡನ್ನೂ ಸೇರಿಸಿದರೆ ಮುಂದಿನ ಸಲ ಅವನು ಯಾವುದನ್ನೂ ಹೇಳುವುದಿಲ್ಲ.

ಗಂಗಾವತಿ ಮೊಬೈಲ್ ಅಂಗಡಿ

ಆ ಏಳು ದಿನದ ವಿಷಯ ನನಗೆ ಹೊಸದು ತಮ್ಮಾ, ಅಂಗಡಿಯಲ್ಲಿ ಹುಡುಗರಿಗೆ ಹೇಳುತ್ತೇನೆ. ಆದರೆ ಗುರುತಿರುವ ಹುಡುಗರು ಒಬ್ಬರಿಗೊಬ್ಬರು ಮಾರಿಕೊಂಡು ಇವತ್ತಿಗೂ ಚೆನ್ನಾಗಿ ಆಡುತ್ತಿದ್ದಾರೆ. ಎಲ್ಲವೂ ಮೋಸ ಅಂತ ಹೇಳಿದರೆ ಹುಡುಗರು ನಂಬುವುದಿಲ್ಲ.

ಮತ್ತೆ ಒಂದು ಕೇಳಬೇಕಿತ್ತು. ತಂದೆ ತಾಯಿ ಬಂದು ‘ಯಾವುದಾದರೂ ಲಾಕ್ ಆಪ್ ಹಾಕಿಕೊಡಿ’ ಅಂತಾರೆ. ಅದರಿಂದ ಇದು ನಿಲ್ಲುತ್ತಾ?

ಹಳೇ ಪ್ಲೇಯರ್, ಬಳ್ಳಾರಿ

ಅಣ್ಣಾ, ಗುರುತಿದ್ದವರ ನಡುವೆ ನಡೆಯುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲೂ ಮೇಲ್ ಹಳೇ ಮಾಲೀಕನದೇ. ಜಗಳ ಆದ ದಿನ ಐಡಿ ಅವನ ಹತ್ತಿರ ಹೋಗಬಹುದು.

ಲಾಕ್ ಆಪ್ ಎಷ್ಟು ಹೊತ್ತು ಆಡಿದ ಅಂತ ಲೆಕ್ಕ ಹಿಡಿಯುತ್ತದೆ. ಈ ಮೋಸಕ್ಕೆ ಹತ್ತು ನಿಮಿಷ ಸಾಕು. ಅದಕ್ಕಿಂತ ಸುಲಭದ ದಾರಿ ಒಂದಿದೆ. ಆಟದಲ್ಲಿ ಪ್ರೊಫೈಲ್ ತೆಗೆದರೆ ಯುಐಡಿ ಅಂತ ಒಂದು ಅಂಕಿ ಇರುತ್ತದೆ. ಹೆಸರು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಈ ಅಂಕಿ ಬದಲಾಗುವುದಿಲ್ಲ. ಮಗನ ಯುಐಡಿ ಒಂದು ಕಡೆ ಬರೆದಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ‘ನಿನ್ನ ಪ್ರೊಫೈಲ್ ತೋರಿಸು’ ಅಂತ ಪ್ರೀತಿಯಿಂದ ಕೇಳಿ, ತೋರಿಸಲು ಮಕ್ಕಳಿಗೆ ಖುಷಿಯೇ. ಅಂಕಿ ಬೇರೆ ಇದ್ದರೆ ಅದು ಬೇರೆ ಅಕೌಂಟ್. ಹೋದ ತಿಂಗಳು ಲೆವೆಲ್ 40 ಇದ್ದವನು ಈಗ 68 ಅಂದರೆ ಆಡಿ ಬಂದದ್ದಲ್ಲ. ಹಳೇ ಗೆಳೆಯರ ಪಟ್ಟಿಯೂ ಕಾಣೆಯಾಗಿರುತ್ತದೆ.

ಇದೇ ಯುಐಡಿಯಿಂದ ಇನ್ನೊಂದು ಉಪಯೋಗ ಇದೆ. ಬೇರೆಯವರು ನಿಮ್ಮ ಅಕೌಂಟ್‌ಗೆ ಡೈಮಂಡ್ ಹಾಕಲು ಈ ಅಂಕಿ ಸಾಕು. ಪಾಸ್‌ವರ್ಡ್ ಬೇಡ, ಓಟಿಪಿ ಬೇಡ. ‘ಅರ್ಧ ಬೆಲೆಗೆ ಡೈಮಂಡ್ ಹಾಕ್ತೀನಿ, ಲಾಗಿನ್ ಕೊಡು’ ಅಂದವನಿಗೆ ಬೇಕಾಗಿರುವುದು ಅಕೌಂಟ್. ಬಿಜಿಎಂಐ ಅನ್ನುವ ಇನ್ನೊಂದು ಆಟದಲ್ಲಿ ಅದರ ನಾಣ್ಯ ಯುಸಿಗೂ ಹೀಗೇ, ಕ್ಯಾರೆಕ್ಟರ್ ಐಡಿ ಸಾಕು.

ಮಾರುವ ಹುಡುಗರದು ಬೇರೆ ಕಥೆ. ತಮ್ಮ ಐಡಿ ಮಾರಲು ಹೋದಾಗ ಕೊಳ್ಳುವವನು ‘ಒಳಗೆ ಹೋಗಿ ಚೆಕ್ ಮಾಡ್ತೀನಿ’ ಅಂತ ಲಾಗಿನ್ ಕೇಳುತ್ತಾನೆ. ಇಲ್ಲ, ದುಡ್ಡು ಕಳಿಸಿದೆ ಅಂತ ಸುಳ್ಳು ಸ್ಕ್ರೀನ್‌ಶಾಟ್ ಕಳಿಸಿ, ‘ಪೇಮೆಂಟ್ ಹೋಲ್ಡ್ ಆಗಿದೆ, ಬಿಡಿಸಲು ₹300 ಹಾಕು’ ಅನ್ನುತ್ತಾನೆ. ದುಡ್ಡು ಬರಲು ನಾವು ದುಡ್ಡು ಕಟ್ಟುವುದು ಯಾವ ಯುಪಿಐನಲ್ಲೂ ಇಲ್ಲ.

ಸಿಂಧನೂರಿನ ಅಮ್ಮ

1930ಕ್ಕೆ ಹೇಳಿದೆ. ನಾಲ್ಕೂ ಯುಟಿಆರ್ ನಂಬರ್ ಬರೆಸಿಕೊಂಡು ದೂರಿನ ನಂಬರ್ ಕೊಟ್ಟರು. ಯುಪಿಐ ಪಿನ್ ಬದಲಾಯಿಸಿದೆ, ಲೈಟ್ ಬಂದ್ ಮಾಡಿದೆ. ಉಳಿದಿದ್ದ ₹251 ಖಾತೆಗೆ ಬಂತು. ಸಂಡೂರು ಅಣ್ಣ ಹೇಳಿದ ಹಾಗೆ ಬಂದ ದುಡ್ಡೂ ನೋಡಿದೆ. ಹೊರಗಿನವರಿಂದ ಏನೂ ಇಲ್ಲ. ಓಟಿಪಿ ಮೆಸೇಜ್ ತೆಗೆದು ಓದಿದೆ, ವಾಟ್ಸಾಪ್‌ದೇ.

ಈಗ ಹೊಸ ತಲೆನೋವು. ಆ ರೀಲ್ ಅವನಿಗೆ ತಾನಾಗೇ ಸಿಕ್ಕಿದ್ದಲ್ಲವಂತೆ. ಅವನ ಶಾಲೆಯಲ್ಲೇ ಹತ್ತನೇ ಕ್ಲಾಸಿನ ಒಬ್ಬ ಹುಡುಗ ‘ಈ ಸೆಲ್ಲರ್ ಟ್ರಸ್ಟೆಡ್’ ಅಂತ ಕಳಿಸಿದ್ದಾನೆ. ಒಬ್ಬರನ್ನು ಕರೆತಂದರೆ ಅವನಿಗೆ ₹100 ಕೊಡುತ್ತಿದ್ದರಂತೆ. ಆ ಹುಡುಗನ ತಾಯಿ ನನಗೆ ಚೆನ್ನಾಗಿ ಗೊತ್ತು, ಸಂಘದಲ್ಲಿ ಒಟ್ಟಿಗೆ ಇದ್ದೇವೆ. ದೂರಿನಲ್ಲಿ ಅವನ ಹೆಸರು ಹೇಳಿಲ್ಲ. ಹೇಳಬೇಕಿತ್ತಾ?

ಲಾರಿ ಮಾಲೀಕ, ಸಂಡೂರು

ಹೇಳಬೇಕು ತಂಗೀ. ಹೇಳದಿದ್ದರೆ ಇನ್ನೂ ಹತ್ತು ಹುಡುಗರನ್ನು ಕರೆತರುತ್ತಾನೆ.

ಟ್ಯೂಷನ್ ಟೀಚರ್, ಕೊಪ್ಪಳ

ಅವನಿಗೂ ಹದಿನೈದು ವರ್ಷ. ಅವನ ಐಡಿಯೂ ಮೊದಲು ಹೋಗಿರಬಹುದು, ಕಳೆದದ್ದನ್ನು ತುಂಬಿಕೊಳ್ಳಲು ಈ ₹100ರ ಕೆಲಸ ಹಿಡಿದಿರಬಹುದು. ಸಂಡೂರಿನ ಅಣ್ಣನ ಮಗನದೂ ಅದೇ ದಾರಿ ಅಲ್ವಾ? ಮೊದಲು ಅವರ ತಾಯಿಯ ಹತ್ತಿರ ಕೂತು ಮಾತಾಡಿ. ಇಬ್ಬರೂ ಸೇರಿ ಹೆಡ್‌ಮಾಸ್ಟರ್ ಹತ್ತಿರ ಹೋಗಿ.

ಲಾರಿ ಮಾಲೀಕ, ಸಂಡೂರು

ನನ್ನ ಮಗನ ವಿಷಯ ಯಾರಾದರೂ ಮೊದಲೇ ನನ್ನ ಮನೆಗೆ ಬಂದು ಹೇಳಿದ್ದರೆ ಖಾತೆ ಉಳಿಯುತ್ತಿತ್ತು, ಅದು ನಿಜ. ಆದರೆ ಪೊಲೀಸರು ಕೇಳಿದರೆ ಮುಚ್ಚಿಡಬಾರದು.

ಬ್ಯಾಂಕ್ ಕೌಂಟರ್, ಮಸ್ಕಿ

ಮೇಡಂ, ಮಾತಾಡಲು ಹೋದಾಗ ಆ ತಾಯಿಗೆ ತಮ್ಮ ಖಾತೆಯ ಹಿಸ್ಟರಿ ತೆಗೆದು ನೋಡಲು ಹೇಳಿ. ₹100 ಬಂದಿರುವುದು ಎಲ್ಲಿಗೆ? ಅವರ ನಂಬರ್‌ಗೇ ಇದ್ದರೆ, ಅದರ ಜೊತೆ ಬೇರೆ ದುಡ್ಡೂ ಬಂದಿದೆಯಾ ಅನ್ನುವುದು ಇವತ್ತೇ ಗೊತ್ತಾಗಬೇಕು. ಬಂದಿದ್ದರೆ ಮುಂದಕ್ಕೆ ಕಳಿಸುವುದು ನಿಲ್ಲಿಸಿ, ಅವರೇ ಬ್ಯಾಂಕ್‌ಗೆ ಮತ್ತು ರಾಯಚೂರು ಸಿಇಎನ್ ಠಾಣೆಗೆ ಹೋಗಿ ಹೇಳುವುದು ಒಳ್ಳೆಯದು. ಖಾತೆ ತಡೆ ಆದ ಮೇಲೆ ಹೇಳುವುದಕ್ಕೂ ಮೊದಲೇ ಹೇಳುವುದಕ್ಕೂ ವ್ಯತ್ಯಾಸ ಇದೆ.

ಸಿಂಧನೂರಿನ ಅಮ್ಮ

ನಾಳೆ ಮಧ್ಯಾಹ್ನ ಅವರ ಮನೆಗೆ ಹೋಗುತ್ತೇನೆ. ಹೆಡ್‌ಮಾಸ್ಟರ್ ಹತ್ತಿರ ಹೋಗುವುದು ಆ ಮಾತಿನ ಮೇಲೆ. ಫೋನ್ ಬಗ್ಗೆ ನಮ್ಮವರದು ಮಾಸ್ತರರ ಮಾತು, ನನ್ನದು ಟೀಚರ್ ಮಾತು, ಇನ್ನೂ ತೀರ್ಮಾನ ಆಗಿಲ್ಲ.

ಹಳೇ ಪ್ಲೇಯರ್ ತಮ್ಮಾ, ಕೊನೆಯದಾಗಿ ಒಂದು ಹೇಳು. ಫೋನ್‌ನಲ್ಲಿರುವ ಆ ಎರಡು ಜಿಮೇಲ್ ಈಗಲೇ ತೆಗೆದುಬಿಡಲಾ?

ಹಳೇ ಪ್ಲೇಯರ್, ಬಳ್ಳಾರಿ

ಈಗಲೇ ಬೇಡ ಅಕ್ಕಾ. ಒಂದು ನಿಮ್ಮ ಮಗ ತಾನೇ ಮಾಡಿಕೊಂಡದ್ದಿರಬಹುದು, ಇನ್ನೊಂದು ಅವರು ಕೊಟ್ಟದ್ದು. ಯಾವುದು ಯಾರದು ಅಂತ ಮೊದಲು ಅವನನ್ನು ಕೇಳಿ. ಮಗನ ಹಳೇ ಐಡಿ, ಅಂದರೆ ಅವನೇ ಆಡಿ ಬೆಳೆಸಿದ್ದು, ಯಾವ ಮೇಲ್ ಮೇಲೆ ನಿಂತಿದೆ ನೋಡಿ. ಅದು ಅವನದೇ ಮೇಲ್ ಆಗಿದ್ದರೆ ಅದಕ್ಕೆ ನಿಮ್ಮ ನಂಬರ್ ಹಾಕಿ, ಹೊಸ ಪಾಸ್‌ವರ್ಡ್ ಇಡಿ, ಸೆಕ್ಯುರಿಟಿಯಲ್ಲಿ ‘ಯುವರ್ ಡಿವೈಸಸ್’ ತೆಗೆದು ಗೊತ್ತಿಲ್ಲದ ಫೋನ್ ಇದ್ದರೆ ಹೊರಗೆ ಹಾಕಿ. ಅವರು ಕೊಟ್ಟ ಮೇಲ್ ಆದರೆ ವಿಳಾಸದ ಸ್ಕ್ರೀನ್‌ಶಾಟ್ ತಗೊಳ್ಳಿ. ಇನ್‌ಸ್ಟಾಗ್ರಾಂ ಚಾಟ್, ಮಿಡಲ್‌ಮ್ಯಾನ್ ಪ್ರೊಫೈಲ್ ಹೆಸರು, ರಿಕವರಿಯವನ ನಂಬರ್, ಅವೂ ಇರಲಿ. ಅವರು ಬ್ಲಾಕ್ ಮಾಡಿದ್ದರೂ ಹಳೇ ಚಾಟ್ ನಿಮ್ಮ ಕಡೆ ಇರುತ್ತದೆ, ಮಗ ನಾಚಿಕೆಯಿಂದ ಅಳಿಸದ ಹಾಗೆ ನೋಡಿಕೊಳ್ಳಿ. ಎಲ್ಲವನ್ನೂ ದೂರಿನ ನಂಬರ್ ಜೊತೆ ಸೇರಿಸಿದ ಮೇಲೆ ಆ ಮೇಲ್ ತೆಗೆಯಿರಿ.